ಉತ್ತರ ಕೊಡದ ಬ್ರೋಕರ್ ಎಪಿಐ ಮತ್ತು ಸರ್ಕ್ಯೂಟ್ ಬ್ರೇಕರ್

ಷೇರು ವಹಿವಾಟನ್ನು ತಾನಾಗಿಯೇ ನಡೆಸುವ ಒಂದು ಸಣ್ಣ ಪ್ರೋಗ್ರಾಂ ಇದೆ ಎಂದುಕೊಳ್ಳೋಣ. ಅದು ಐದು ಸೆಕೆಂಡಿಗೊಮ್ಮೆ ಬೆಲೆಯನ್ನು ನೋಡುತ್ತದೆ, ತನಗೆ ಕೊಟ್ಟ ನಿಯಮಕ್ಕೆ ಬೆಲೆ ಹೊಂದಿಕೊಂಡರೆ ಬ್ರೋಕರ್ ಸಂಸ್ಥೆಯ ಎಪಿಐ ಮೂಲಕ ಆರ್ಡರ್ ಕಳುಹಿಸುತ್ತದೆ, ಆ ಆರ್ಡರ್ ಏನಾಯಿತೆಂದು ವಿಚಾರಿಸುತ್ತದೆ. ಬ್ರೋಕರ್‌ನ ಸರ್ವರ್ ಚೆನ್ನಾಗಿರುವಾಗ ಇದರಲ್ಲಿ ಯಾವ ತೊಡಕೂ ಇಲ್ಲ. ಸರ್ವರ್ ಪೂರ್ತಿ ನಿಂತುಹೋದರೂ ಅಷ್ಟೇನೂ ಕಷ್ಟವಿಲ್ಲ, ಏಕೆಂದರೆ ಸಂಪರ್ಕವೇ ಸಿಗುವುದಿಲ್ಲ, ವೈಫಲ್ಯ ತಕ್ಷಣ ಗೊತ್ತಾಗುತ್ತದೆ. ನಿಜವಾದ ಅಪಾಯ ಇರುವುದು ಇವೆರಡರ ನಡುವಿನ ಸ್ಥಿತಿಯಲ್ಲಿ: ಸರ್ವರ್ ಸಂಪರ್ಕವನ್ನು ಒಪ್ಪಿಕೊಳ್ಳುತ್ತದೆ, ಕೋರಿಕೆಯನ್ನೂ ಪಡೆದುಕೊಳ್ಳುತ್ತದೆ, ಆದರೆ ಉತ್ತರ ಕೊಡುವುದಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ ಮತ್ತೆ ಪ್ರಯತ್ನಿಸುವುದು. ಪ್ರತಿ ಕರೆಗೆ ಹತ್ತು ಸೆಕೆಂಡಿನ ಟೈಮ್‌ಔಟ್ ಇದ್ದು, ಸೋತರೆ 1, 2 ಮತ್ತು 4 ಸೆಕೆಂಡುಗಳ ಬಿಡುವಿನಲ್ಲಿ ಮೂರು ಬಾರಿ ಮರುಪ್ರಯತ್ನ ಮಾಡುವಂತೆ ಬರೆದಿದ್ದರೆ, ಒಂದೇ ಒಂದು ಕರೆಯಲ್ಲಿ ಪ್ರೋಗ್ರಾಂ 47 ಸೆಕೆಂಡು ಸಿಕ್ಕಿಕೊಳ್ಳುತ್ತದೆ. ಐದು ಸೆಕೆಂಡಿಗೊಮ್ಮೆ ನಡೆಯಬೇಕಾದ ಬೆಲೆ ಪರಿಶೀಲನೆ ಅಷ್ಟೂ ಹೊತ್ತು ನಡೆಯುವುದಿಲ್ಲ. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಉತ್ತರ ಬರಲಿಲ್ಲವೆಂದರೆ ಆರ್ಡರ್ ತಲುಪಲಿಲ್ಲ ಎಂದು ಅರ್ಥವಲ್ಲ. ಅದು ವಿನಿಮಯ ಕೇಂದ್ರಕ್ಕೆ ಹೋಗಿ ಖರೀದಿಯೂ ಆಗಿ, ಹಿಂತಿರುಗಬೇಕಾದ ಸುದ್ದಿ ಮಾತ್ರ ದಾರಿಯಲ್ಲಿ ನಿಂತಿರಬಹುದು. ಹಾಗಿದ್ದಾಗ ಪ್ರತಿಯೊಂದು ಮರುಪ್ರಯತ್ನವೂ ಹೊಸದೊಂದು ಖರೀದಿಯಾಗುತ್ತದೆ.

ಸರ್ಕ್ಯೂಟ್ ಬ್ರೇಕರ್ ಎಂಬ ವಿನ್ಯಾಸ ಬಳಕೆಗೆ ಬರುವುದು ಇಲ್ಲಿ. ಬೆಲೆ ವಿಪರೀತ ಕುಸಿದಾಗ ಇಡೀ ಮಾರುಕಟ್ಟೆಯ ವಹಿವಾಟನ್ನು ನಿಲ್ಲಿಸುವ ವ್ಯವಸ್ಥೆಗೂ ಇದೇ ಹೆಸರಿದೆ, ಆದರೆ ಇದು ಬೇರೆ. ಇದು ನಮ್ಮ ಪ್ರೋಗ್ರಾಂ ಒಳಗೇ ಕೂರುವ ಕೆಲವೇ ಸಾಲುಗಳ ಕೋಡ್. ಮನೆಯ ವಿದ್ಯುತ್ ಫಲಕದಲ್ಲಿರುವ ಬ್ರೇಕರ್‌ನಂತೆಯೇ ಇದರಲ್ಲೂ ಮಂಡಲ ಮುಚ್ಚಿದ್ದರೆ ಹರಿವು ಇರುತ್ತದೆ, ತೆರೆದರೆ ನಿಲ್ಲುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಕರೆಗಳು ಎಂದಿನಂತೆ ಬ್ರೋಕರ್‌ಗೆ ಹೋಗುತ್ತವೆ, ಸೋಲುಗಳ ಲೆಕ್ಕ ಮಾತ್ರ ನಡೆಯುತ್ತಿರುತ್ತದೆ. ಲೆಕ್ಕ ಮಿತಿ ಮುಟ್ಟಿದೊಡನೆ ಬ್ರೇಕರ್ ತೆರೆದುಕೊಳ್ಳುತ್ತದೆ, ಆಮೇಲೆ ಕರೆಗಳು ಹೊರಗೆ ಹೋಗುವುದೇ ಇಲ್ಲ. ಪ್ರೋಗ್ರಾಂಗೆ ಅಲ್ಲೇ, ತಕ್ಷಣ, ನಿರಾಕರಣೆ ಸಿಗುತ್ತದೆ. ನಿಗದಿತ ಕಾಲ ಕಳೆದ ಮೇಲೆ ಅರೆ ತೆರೆದ ಸ್ಥಿತಿಯಲ್ಲಿ ಒಂದೇ ಒಂದು ಪರೀಕ್ಷಾ ಕರೆಯನ್ನು ಬಿಡಲಾಗುತ್ತದೆ. ಅದು ಗೆದ್ದರೆ ಮಂಡಲ ಮುಚ್ಚುತ್ತದೆ, ಸೋತರೆ ಇನ್ನಷ್ಟು ಹೊತ್ತು ತೆರೆದಿರುತ್ತದೆ.

```python
import time

class Breaker:
    def __init__(self, limit=5, wait=30, max_wait=120):
        self.limit, self.base, self.max_wait = limit, wait, max_wait
        self.success()

    def allow(self):
        return (self.opened is None
                or time.monotonic() - self.opened >= self.wait)

    def success(self):
        self.fails, self.wait, self.opened = 0, self.base, None

    def failure(self):
        if self.opened is not None:
            self.wait = min(self.wait * 2, self.max_wait)
        self.fails += 1
        if self.fails >= self.limit:
            self.opened = time.monotonic()
```

ಪ್ರತಿ ಕರೆಗೆ ಮುನ್ನ `allow` ಅನ್ನು ಕೇಳಬೇಕು, ಕರೆ ಮುಗಿದ ಮೇಲೆ ಫಲಿತಾಂಶಕ್ಕೆ ತಕ್ಕಂತೆ `success` ಅಥವಾ `failure` ಅನ್ನು ಕರೆಯಬೇಕು. ಗಡಿಯಾರದ ಸಮಯದ ಬದಲು `time.monotonic` ಬಳಸಿರುವುದಕ್ಕೆ ಕಾರಣವಿದೆ: ಕಂಪ್ಯೂಟರ್ ತನ್ನ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿಕೊಂಡಾಗ ಅದು ಹಿಂದಕ್ಕೋ ಮುಂದಕ್ಕೋ ಜಿಗಿಯಬಹುದು, ಕಾಯುವ ಅವಧಿ ಅದರಿಂದ ಕೆಡಬಾರದು. ಈ ಕೋಡ್ ಒಂದೇ ಥ್ರೆಡ್‌ನಲ್ಲಿ ಓಡುವ ಪ್ರೋಗ್ರಾಂಗೆ ಸಾಕು. ಹಲವು ಥ್ರೆಡ್‌ಗಳಿದ್ದರೆ ಕಾಯುವ ಕಾಲ ಮುಗಿದ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಪರೀಕ್ಷಾ ಕರೆ ಮಾಡಿಬಿಡುತ್ತವೆ, ಆದ್ದರಿಂದ ಲಾಕ್ ಹಾಕಿ ಒಂದಕ್ಕೆ ಮಾತ್ರ ದಾರಿ ಬಿಡಬೇಕಾಗುತ್ತದೆ.

ಯಾವುದನ್ನು ಸೋಲು ಎಂದು ಎಣಿಸಬೇಕು ಎಂಬುದರಲ್ಲಿ ಎಚ್ಚರ ಬೇಕು. ಟೈಮ್‌ಔಟ್, ಕಡಿದ ಸಂಪರ್ಕ, 500, 502, 503, 504 ಎಂಬ ಉತ್ತರಗಳು ಬ್ರೋಕರ್ ಕಡೆಯ ತೊಂದರೆಯನ್ನು ಹೇಳುತ್ತವೆ, ಇವನ್ನು ಎಣಿಸಬೇಕು. 400 ಬಂದರೆ ತಪ್ಪು ನಾವು ಕಳುಹಿಸಿದ ಕೋರಿಕೆಯಲ್ಲಿದೆ, ಸರ್ವರ್ ಆರೋಗ್ಯವಾಗಿಯೇ ಇದೆ. 401 ಎಂದರೆ ಸಾಮಾನ್ಯವಾಗಿ ಲಾಗಿನ್ ಟೋಕನ್‌ನ ಅವಧಿ ಮುಗಿದಿದೆ, ಎಷ್ಟು ಕಾದರೂ ಅದು ತಾನಾಗಿ ಸರಿಹೋಗುವುದಿಲ್ಲ. ಮಿತಿ ಮೀರಿ ಕರೆ ಮಾಡುತ್ತಿದ್ದೀರಿ ಎಂದು ಹೇಳುವ 429ಕ್ಕೆ ಬೇರೆಯೇ ಉಪಚಾರ: ಅದರ ಜೊತೆ `Retry-After` ಬಂದಿದ್ದರೆ ಐದು ಸೋಲುಗಳಿಗೆ ಕಾಯದೆ, ಅದು ಹೇಳಿದಷ್ಟು ಹೊತ್ತು ಸುಮ್ಮನಿರಬೇಕು. ಇನ್ನು ಕೆಲವು ಎಪಿಐಗಳು 200 ಎಂದು ಹೇಳಿ ದೋಷವನ್ನು ಉತ್ತರದ ಒಡಲಲ್ಲಿ ಇಡುತ್ತವೆ. ಒಡಲನ್ನು ಓದದೆ ಸಂಖ್ಯೆಯನ್ನಷ್ಟೇ ನೋಡುವ ಬ್ರೇಕರ್ ಅಂಥಲ್ಲಿ ಎಂದಿಗೂ ತೆರೆಯುವುದಿಲ್ಲ.

ಈಗ ಒಂದು ಪ್ರಸಂಗವನ್ನು ಗಡಿಯಾರ ಹಿಡಿದು ನೋಡೋಣ. ಟೈಮ್‌ಔಟ್ ಎರಡು ಸೆಕೆಂಡು. ಮಿತಿ, ಕಾಯುವ ಕಾಲ ಎಲ್ಲವೂ ಮೇಲಿನ ಕೋಡಿನಲ್ಲಿರುವಂತೆಯೇ. 10:17:00ಕ್ಕೆ ಪ್ರೋಗ್ರಾಂ 100 ಷೇರು ಕೊಳ್ಳುವ ಆರ್ಡರ್ ಕಳುಹಿಸುತ್ತದೆ, ಅದೇ ಕ್ಷಣದಿಂದ ಬ್ರೋಕರ್‌ನ ಉತ್ತರಗಳು ನಿಲ್ಲುತ್ತವೆ. 10:17:02ಕ್ಕೆ ಟೈಮ್‌ಔಟ್. ಆರ್ಡರ್ ಕಳುಹಿಸುವ ಮುನ್ನವೇ ಪ್ರೋಗ್ರಾಂ ಅದಕ್ಕೆ ತನ್ನದೇ ಗುರುತು ಸಂಖ್ಯೆಯೊಂದನ್ನು ಕೊಟ್ಟು, ಅದನ್ನು ಡಿಸ್ಕ್‌ನಲ್ಲಿ ಬರೆದಿಟ್ಟಿತ್ತು. ಈಗ ಆ ಗುರುತಿನ ಮುಂದೆ ‘ಅನುಮಾನದಲ್ಲಿದೆ’ ಎಂದು ದಾಖಲಿಸುತ್ತದೆ. ಅನುಮಾನದಲ್ಲಿರುವ ಆರ್ಡರ್ ಒಂದು ಇರುವವರೆಗೂ ಹೊಸ ಖರೀದಿ ಮಾಡಬಾರದು, ಅದೇ ಆರ್ಡರನ್ನು ಮತ್ತೆ ಕಳುಹಿಸಲೂಬಾರದು. ಆದ್ದರಿಂದ ಮುಂದಿನ ಸುತ್ತುಗಳಲ್ಲಿ, ಅಂದರೆ 05, 10, 15 ಮತ್ತು 20ನೆಯ ಸೆಕೆಂಡಿನಲ್ಲಿ, ಅದು ಆರ್ಡರ್‌ನ ಸ್ಥಿತಿಯನ್ನಷ್ಟೇ ವಿಚಾರಿಸುತ್ತದೆ. ನಾಲ್ಕೂ ಸೋಲುತ್ತವೆ. 10:17:22ಕ್ಕೆ ಐದನೆಯ ಸೋಲು ದಾಖಲಾಗಿ ಬ್ರೇಕರ್ ತೆರೆದುಕೊಳ್ಳುತ್ತದೆ.

ಪರೀಕ್ಷಾ ಕರೆ ಐದು ಸೆಕೆಂಡಿನ ಸುತ್ತಿಗೆ ಕಾಯದೆ, ಕಾಯುವ ಕಾಲ ಮುಗಿದೊಡನೆ ಹೋಗುತ್ತದೆ ಎಂದುಕೊಳ್ಳೋಣ. ಮೊದಲನೆಯದು 10:17:52ಕ್ಕೆ ಹೋಗಿ ಸೋಲುತ್ತದೆ. ಕಾಯುವ ಕಾಲ ಅರವತ್ತು ಸೆಕೆಂಡಿಗೆ, ಆಮೇಲೆ ನೂರಿಪ್ಪತ್ತಕ್ಕೆ ಏರುತ್ತದೆ, ಹೀಗಾಗಿ ಮುಂದಿನವು 10:18:54, 10:20:56, 10:22:58 ಮತ್ತು 10:25:00ಕ್ಕೆ. ಬ್ರೋಕರ್ 10:27:00ಕ್ಕೆ ಚೇತರಿಸಿಕೊಂಡರೆ 10:27:02ರ ಕರೆಗೆ ಉತ್ತರ ಸಿಗುತ್ತದೆ. ಹತ್ತು ನಿಮಿಷಗಳಲ್ಲಿ ಸೋತ ಕರೆಗಳು ಒಟ್ಟು ಹತ್ತು. ಬ್ರೇಕರ್ ಇಲ್ಲದೆ ಐದು ಸೆಕೆಂಡಿಗೊಮ್ಮೆ ಕೇಳುತ್ತಲೇ ಇದ್ದಿದ್ದರೆ ಅವು 120 ಆಗುತ್ತಿದ್ದವು. ಏಳಲು ಹೆಣಗುತ್ತಿರುವ ಸರ್ವರ್‌ಗೆ ಸಾವಿರಾರು ಗ್ರಾಹಕರ ಪ್ರೋಗ್ರಾಂಗಳು ಹೀಗೆ ಬಡಿಯುತ್ತಿದ್ದರೆ ಅದು ಏಳುವುದೇ ತಡವಾಗುತ್ತದೆ. ಈ ಉಳಿತಾಯಕ್ಕೆ ಬೆಲೆಯೂ ಇದೆ: ಬ್ರೋಕರ್ 10:25:05ಕ್ಕೇ ಸರಿಹೋಗಿದ್ದರೂ ನಮಗೆ ಅದು ಗೊತ್ತಾಗುತ್ತಿದ್ದುದು ಸುಮಾರು ಎರಡು ನಿಮಿಷ ತಡವಾಗಿ. ಕಾಯುವ ಕಾಲದ ಗರಿಷ್ಠ ಮಿತಿಯನ್ನು ಇಷ್ಟು ತಡವನ್ನು ನಮ್ಮ ವಹಿವಾಟು ತಾಳಬಲ್ಲದೇ ಎಂದು ನೋಡಿಯೇ ನಿಶ್ಚಯಿಸಬೇಕು.

ಪರೀಕ್ಷಾ ಕರೆ ಯಾವುದಾಗಿರಬೇಕು ಎಂಬ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳು. ಸಾಮಾನ್ಯ ಸೇವೆಗಳಲ್ಲಿ ಸರದಿಯಲ್ಲಿರುವ ಮುಂದಿನ ಕೋರಿಕೆಯನ್ನೇ ಪರೀಕ್ಷೆಗೆ ಬಿಡುವುದು ರೂಢಿ. ಬ್ರೋಕರ್ ಎಪಿಐ ವಿಷಯದಲ್ಲಿ ಆ ಮುಂದಿನ ಕೋರಿಕೆ ಒಂದು ಖರೀದಿಯಾಗಿದ್ದರೆ, ಸರ್ವರ್‌ನ ಆರೋಗ್ಯವನ್ನು ಹಣ ಪಣವಿಟ್ಟು ತಿಳಿದುಕೊಂಡಂತಾಗುತ್ತದೆ. ಪರೀಕ್ಷಾ ಕರೆ ಯಾವಾಗಲೂ ಓದುವ ಕರೆಯಾಗಿರಬೇಕು, ಮತ್ತು ಅದು ಆ ದಿನದ ಆರ್ಡರ್‌ಗಳ ಪಟ್ಟಿಯನ್ನು ಕೇಳುವ ಕರೆಯಾಗಿದ್ದರೆ ಬಹಳ ಒಳ್ಳೆಯದು, ಏಕೆಂದರೆ ಗೆದ್ದ ಕೂಡಲೇ ನಮಗೆ ಬೇಕಾದ ಮಾಹಿತಿಯೇ ಕೈಗೆ ಬರುತ್ತದೆ. ನಮ್ಮ ಪ್ರಸಂಗದಲ್ಲಿ 10:27:02ಕ್ಕೆ ಬಂದ ಪಟ್ಟಿಯಲ್ಲಿ ಆ ಗುರುತು ಸಂಖ್ಯೆ ಸಿಗುತ್ತದೆ: 100ರಲ್ಲಿ 40 ಷೇರು ಖರೀದಿಯಾಗಿವೆ, 60 ಬಾಕಿ ಇವೆ. ಪ್ರೋಗ್ರಾಂ ತನ್ನ ಬಳಿ 40 ಷೇರು ಇವೆ ಎಂದು ಲೆಕ್ಕ ತಿದ್ದಿಕೊಳ್ಳುತ್ತದೆ, ಹತ್ತು ನಿಮಿಷ ಹಳತಾದ ಬೆಲೆಯ ಆಧಾರದ ಮೇಲೆ ನಿಂತಿರುವ ಆ 60ನ್ನು ರದ್ದುಮಾಡುತ್ತದೆ, ರದ್ದಾಗುವಷ್ಟರಲ್ಲಿ ಇನ್ನಷ್ಟು ಖರೀದಿಯಾಯಿತೇ ಎಂದು ಮತ್ತೊಮ್ಮೆ ಪಟ್ಟಿ ನೋಡುತ್ತದೆ. ಇಷ್ಟಾದ ಮೇಲೆಯೇ ಹೊಸ ಆರ್ಡರ್‌ಗಳಿಗೆ ಅವಕಾಶ. ಅಂದರೆ ಪರೀಕ್ಷಾ ಕರೆ ಗೆದ್ದರಷ್ಟೇ ಸಾಲದು, ಲೆಕ್ಕ ತಾಳೆಯಾದ ಮೇಲೆ ವಹಿವಾಟು ಪುನರಾರಂಭವಾಗಬೇಕು. ಬ್ರೇಕರ್ ತೆರೆದಿದ್ದಾಗ ಹುಟ್ಟಿದ ಖರೀದಿ ಸೂಚನೆಗಳನ್ನು ಸಾಲಿನಲ್ಲಿ ಕೂಡಿಟ್ಟು ಆಮೇಲೆ ಕಳುಹಿಸುವುದೂ ಇದೇ ಕಾರಣಕ್ಕೆ ಸಲ್ಲದು, ಅವನ್ನು ಬಿಟ್ಟುಬಿಡಬೇಕು.

ಬ್ರೇಕರ್ ತೆರೆದಿರುವಾಗ ಕೈಯಲ್ಲಿರುವ ಷೇರುಗಳ ಗತಿಯೇನು? ಕರೆಗಳು ನಿಂತರೂ ಮಾರುಕಟ್ಟೆ ನಿಲ್ಲುವುದಿಲ್ಲ. ಪ್ರೋಗ್ರಾಂ ತಾನೇ ಬೆಲೆ ನೋಡಿ ಸ್ಟಾಪ್-ಲಾಸ್ ಕಳುಹಿಸುವ ಪದ್ಧತಿ ಈ ಹತ್ತು ನಿಮಿಷ ಏನೂ ಮಾಡಲಾರದು. ಖರೀದಿಯಾದೊಡನೆ ಸ್ಟಾಪ್-ಲಾಸ್ ಆರ್ಡರನ್ನು ವಿನಿಮಯ ಕೇಂದ್ರದಲ್ಲೇ ಇಟ್ಟಿದ್ದರೆ ಅದು ನಮ್ಮ ಸಂಪರ್ಕವಿಲ್ಲದೆಯೂ ಕೆಲಸ ಮಾಡುತ್ತದೆ. ಕೆಲವು ಬಗೆಯ ಸ್ಟಾಪ್-ಲಾಸ್‌ಗಳು ಬ್ರೋಕರ್‌ನ ಕಂಪ್ಯೂಟರ್‌ನಲ್ಲೇ ಕಾದು ಕೂತಿರುತ್ತವೆ, ಅದು ಕೆಟ್ಟರೆ ಅವೂ ಕೆಟ್ಟವು, ಆದ್ದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ಮಾರಾಟ ಮತ್ತು ರದ್ದತಿಯ ಕರೆಗಳಿಗೆ ಪ್ರತ್ಯೇಕ ಬ್ರೇಕರ್ ಇಟ್ಟು, ಅದರ ಕಾಯುವ ಕಾಲವನ್ನು ಕಡಿಮೆ ಮಾಡುವುದು ಸರಿಯೆಂದು ನನಗೆ ಕಾಣುತ್ತದೆ. ಅಪಾಯ ಹೆಚ್ಚಿಸುವ ಕರೆಯನ್ನೂ ತಗ್ಗಿಸುವ ಕರೆಯನ್ನೂ ಒಂದೇ ಬಾಗಿಲಿನಲ್ಲಿ ತಡೆಯಬಾರದು. ಮಾರಾಟಕ್ಕೂ ಗುರುತು ಸಂಖ್ಯೆಯ ನಿಯಮ ಅನ್ವಯಿಸುತ್ತದೆ, ಇಲ್ಲವಾದರೆ ಇಲ್ಲದ ಷೇರುಗಳನ್ನು ಮಾರಿದಂತಾದೀತು. ಬ್ರೇಕರ್ ತೆರೆದ ಕ್ಷಣದಲ್ಲೇ ಒಬ್ಬ ಮನುಷ್ಯನ ಫೋನಿಗೆ ಸಂದೇಶ ಹೋಗಬೇಕು.

ಮಿತಿಗಳನ್ನು ಬೇರೆಡೆಯಿಂದ ಎರವಲು ತರುವುದರಲ್ಲಿ ಒಂದು ಮೋಸವಿದೆ. ನೆಟ್‌ಫ್ಲಿಕ್ಸ್ 2012ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ಹಿಸ್ಟ್ರಿಕ್ಸ್ ಎಂಬ ಲೈಬ್ರರಿಯಲ್ಲಿ ಮೂಲ ನಿಯಮ ಹೀಗಿತ್ತು: ಹತ್ತು ಸೆಕೆಂಡಿನಲ್ಲಿ ಕನಿಷ್ಠ 20 ಕರೆಗಳಾಗಿ, ಅವುಗಳಲ್ಲಿ ಶೇಕಡ 50 ಸೋತರೆ ಬ್ರೇಕರ್ ತೆರೆಯಬೇಕು. ಅಪಾರ ದಟ್ಟಣೆಯ ಸೇವೆಗೆ ಅದು ಒಪ್ಪುತ್ತದೆ. ಐದು ಸೆಕೆಂಡಿಗೆ ಒಂದು ಕರೆ ಮಾಡುವ ನಮ್ಮ ಪ್ರೋಗ್ರಾಂ ಹತ್ತು ಸೆಕೆಂಡಿನಲ್ಲಿ ಮಾಡುವುದು ಎರಡೇ ಕರೆ. ಆ ನಿಯಮ ಹಾಕಿದರೆ ಬ್ರೋಕರ್ ದಿನವಿಡೀ ಮಲಗಿದ್ದರೂ ಬ್ರೇಕರ್ ತೆರೆಯುವುದಿಲ್ಲ. ಸತತ ಸೋಲುಗಳನ್ನು ಎಣಿಸುವ ನಮ್ಮ ಕೋಡಿನಲ್ಲೂ ಕೊರತೆಯಿದೆ: ಒಂದು ಬಿಟ್ಟು ಒಂದು ಕರೆ ಸೋಲುತ್ತಿದ್ದರೆ ಪ್ರತಿ ಗೆಲುವಿಗೂ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಲಾಗ್‌ನಲ್ಲಿ ಸೋಲುಗಳು ಹೇರಳವಾಗಿದ್ದೂ ಬ್ರೇಕರ್ ತೆರೆದ ದಾಖಲೆಯೇ ಇಲ್ಲದಿದ್ದರೆ ಇದೇ ನಡೆದಿದೆ ಎಂದು ತಿಳಿಯಬೇಕು. ಕಳೆದ ಹತ್ತು ಕರೆಗಳಲ್ಲಿ ಐದು ಸೋತರೆ ತೆರೆಯುವಂತೆ ಬದಲಿಸಿದರೆ ಆ ಕೊರತೆ ನೀಗುತ್ತದೆ.

ಇಷ್ಟನ್ನೂ ನಿಜವಾದ ಹಣದಿಂದ ಪರೀಕ್ಷಿಸಬೇಕಾಗಿಲ್ಲ. ನಮ್ಮದೇ ಕಂಪ್ಯೂಟರ್‌ನಲ್ಲಿ ಒಂದು ನಕಲಿ ಬ್ರೋಕರ್ ಸರ್ವರ್ ಬರೆದು, ಅದು ಆರ್ಡರನ್ನು ಪಟ್ಟಿಗೆ ಸೇರಿಸಿಕೊಂಡ ಮೇಲೆ ಉತ್ತರ ಕೊಡದೆ ಸಂಪರ್ಕ ಕಡಿಯುವಂತೆ ಮಾಡಬೇಕು. ಬ್ರೇಕರ್ ತೆರೆದ ಬಳಿಕ ನಮ್ಮ ಪ್ರೋಗ್ರಾಂ ಅನ್ನು ಬೇಕೆಂದೇ ಕೊಂದು ಮತ್ತೆ ಶುರುಮಾಡಬೇಕು, ಏಕೆಂದರೆ ಹೊಸದಾಗಿ ಎದ್ದ ಪ್ರೋಗ್ರಾಂನಲ್ಲಿ ಬ್ರೇಕರ್ ಮುಚ್ಚಿದ ಸ್ಥಿತಿಯಲ್ಲೇ ಇರುತ್ತದೆ, ಅನುಮಾನದಲ್ಲಿದ್ದ ಆರ್ಡರ್‌ನ ನೆನಪು ಡಿಸ್ಕ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರುವುದಿಲ್ಲ. ಆಮೇಲೆ ನಕಲಿ ಸರ್ವರ್ ಉತ್ತರ ಕೊಡಲು ಆರಂಭಿಸಿ, ಲೆಕ್ಕ ತಾಳೆಯ ಕೆಲಸ ಮುಗಿದಾಗ ಅದರ ಪಟ್ಟಿಯಲ್ಲಿ ಆ ಖರೀದಿಯ ಆರ್ಡರ್ ಒಂದೇ ಒಂದು ಇರಬೇಕು.