ಎರಡು ಸಾವಿರ ಮಂದಿ ನೋಡ್ಯಾರ, ಒಂದು ಫೋನ್ ಬಂದಿಲ್ಲ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಸಣ್ಣ ಘಟಕ ನಡೆಸುವ ಯುವಕರೊಬ್ಬರು ಹೋದ ತಿಂಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಬ್ಯಾಡಗಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗಳಿಗೆ ಉಷ್ಣಾಂಶ, ತೇವಾಂಶ ಅಳೆದು ಫೋನಿಗೆ ಎಚ್ಚರಿಕೆ ಕಳಿಸುವ ಯಂತ್ರ ಅವರದು. ಲಿಂಕ್ಡ್‌ಇನ್‌ನಲ್ಲಿ ಡೆಮೊ ವಿಡಿಯೊ ಹಾಕಿದ್ದರು. "ಸರ್, ಎರಡು ಸಾವಿರ ಮಂದಿ ನೋಡ್ಯಾರ, ಒಂದು ಫೋನ್ ಬಂದಿಲ್ಲ ನೋಡ್ರಿ" ಅಂದರು.

ನಾನು ಮೊದಲು ವಿಡಿಯೊ ನೋಡಲಿಲ್ಲ. ಪೋಸ್ಟಿನ ಅನಾಲಿಟಿಕ್ಸ್ ತೆರೆದೆ. ನೋಡಿದವರ ಹೆಸರು ಅಲ್ಲಿ ಸಿಗುವುದಿಲ್ಲ, ಆದರೆ ಹುದ್ದೆ, ಊರು, ಉದ್ಯಮ ಸಿಗುತ್ತದೆ. ಅವರ ಪಟ್ಟಿಯ ಮೇಲ್ತುದಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಸ್ಥಾಪಕ, ವಿದ್ಯಾರ್ಥಿ. ಖರೀದಿ ವ್ಯವಸ್ಥಾಪಕ, ಕ್ವಾಲಿಟಿ ಮ್ಯಾನೇಜರ್ ಅನ್ನುವ ಹುದ್ದೆಗಳ ಸುಳಿವೇ ಇಲ್ಲ. ಅಂದರೆ ನೋಡಿದವರು ಇವರ ಗೆಳೆಯರು. ಚಪ್ಪಾಳೆ ಹೊಡೆದು ಹೋದರು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಪೋಸ್ಟು ಶುರುವಾಗಿದ್ದೇ "ಮೂರು ವರ್ಷಗಳ ಕನಸು ಇಂದು ನನಸಾಯಿತು" ಎಂದು. ಫೀಡ್‌ನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತವೆ, ಉಳಿದದ್ದು ಮಡಚಿಕೊಂಡಿರುತ್ತದೆ. 3,000 ಅಕ್ಷರ ಬರೆಯಬಹುದು ನಿಜ. ಆದರೆ ಯಂತ್ರ ಏನು ಅನ್ನುವುದು ಇವರ ಪೋಸ್ಟಿನಲ್ಲಿ ಬಂದದ್ದು ಏಳನೇ ಸಾಲಿನಲ್ಲಿ, ಅದೂ 'ಐಒಟಿ ಪ್ಲಾಟ್‌ಫಾರ್ಮ್' ಅಂತ. ಮೆಣಸಿನಕಾಯಿ ವ್ಯಾಪಾರದವರು ಯಾರು ಆ ಪದ ಹುಡುಕುತ್ತಾರೆ?

"ಸ್ಟೋರೇಜ್ ಮಾಲೀಕರು ಸಿಕ್ಕಾಗ ನಿಮ್ಮನ್ನು ಮೊದಲು ಕೇಳುವುದೇನು?" ಅಂದೆ. ತಡಮಾಡದೆ ಹೇಳಿದರು: "ರಾತ್ರಿ ಕರೆಂಟ್ ಹೋದ್ರ ನಮಗ ಗೊತ್ತಾಗತೈತೇನು?" ಅದನ್ನೇ ಮೊದಲ ಸಾಲು ಮಾಡಿದೆವು. ಕೊಳ್ಳುವವರು ಗುಂಟೂರು, ಕೊಚ್ಚಿಯಲ್ಲೂ ಇರುವುದರಿಂದ ಬರೆದದ್ದು ಇಂಗ್ಲಿಷಿನಲ್ಲಿ. ಎರಡನೇ ಸಾಲಿನಲ್ಲಿ 'ಒಣ ಮೆಣಸಿನಕಾಯಿ', 'ಕೋಲ್ಡ್ ಸ್ಟೋರೇಜ್', 'ಉಷ್ಣಾಂಶದ ದಾಖಲೆ' ಮೂರೂ ಬಂದವು. ಪದ ಸಿಗದಿದ್ದರೆ ನಿಮ್ಮ ಹಳೆಯ ಎನ್‌ಕ್ವೈರಿ ಮೇಲ್‌ಗಳನ್ನು ತೆಗೆಯಿರಿ. ಗಿರಾಕಿ ನಿಮ್ಮ ವಸ್ತುವನ್ನು ಏನಂತ ಕರೆಯುತ್ತಾನೆ ಅನ್ನುವುದು ಅಲ್ಲೇ ಇರುತ್ತದೆ. ಹದಿನೈದು ಹ್ಯಾಷ್‌ಟ್ಯಾಗ್ ಇದ್ದವು, ಮೂರು ಉಳಿಸಿದೆವು. ಸ್ಟಾರ್ಟ್‌ಅಪ್ ಅನ್ನುವುದು ಮೊದಲು ಹೋಯಿತು. ಅದನ್ನು ಒತ್ತುವವರು ಸ್ಟಾರ್ಟ್‌ಅಪ್‌ನವರೇ ಅಲ್ವಾ!

ಬರಹವನ್ನು ಆಮೇಲೂ ತಿದ್ದಬಹುದು. ಥಂಬ್‌ನೇಲ್ ಹಾಗಲ್ಲ. ಪೋಸ್ಟ್ ಮಾಡುವ ಮುಂಚೆ ಏರಿಸಿದ್ದೇ ಕೊನೆ. ಇವರು ಅದನ್ನು ಮುಟ್ಟಿರಲೇ ಇಲ್ಲ, ತಾನಾಗಿ ಬಂದ ಚಿತ್ರದಲ್ಲಿ ಕಣ್ಣು ಅರ್ಧ ಮುಚ್ಚಿ ನಿಂತಿದ್ದರು. ಫೀಡ್‌ನಲ್ಲಿ ವಿಡಿಯೊ ತಾನೇ ಓಡುತ್ತದಲ್ಲ, ಥಂಬ್‌ನೇಲ್ ಯಾಕೆ ಅಂತ ಕೇಳಬಹುದು. ಆಟೊಪ್ಲೇ ಆಫ್ ಮಾಡಿಕೊಂಡವರಿಗೆ ಅದೊಂದೇ ಕಾಣುವುದು. ಪ್ರೊಫೈಲಿನ ಮೇಲ್ಭಾಗದಲ್ಲಿ ಆ ಪೋಸ್ಟನ್ನು ಇಟ್ಟರೆ, ನಿಮ್ಮ ಹೆಸರು ಹುಡುಕಿಕೊಂಡು ಬರುವ ಗಿರಾಕಿಗೂ ಅದೇ. ಹೀಗಾಗಿ ಹೊಸದಾಗಿ ಏರಿಸಲೇಬೇಕಾಯಿತು. ಹಳೆಯದನ್ನು ಅಳಿಸಲಿಲ್ಲ, ಅಳಿಸಿದರೆ ಕಾಮೆಂಟ್‌ಗಳೂ ಹೋಗುತ್ತವೆ. ಹೊಸ ಚಿತ್ರದಲ್ಲಿ ಹಿಂದೆ ಮೆಣಸಿನಕಾಯಿ ಚೀಲಗಳ ರಾಶಿ, ಮುಂದೆ ಒಂದು ಫೋನು, ಅದರ ಪರದೆಯಲ್ಲಿ ರಾತ್ರಿ 2:10, 11.4 ಡಿಗ್ರಿ. ಫೋನನ್ನು ಒಂದು ಮೊಳ ದೂರ ಹಿಡಿದು ನೋಡಿದೆ. ಅಂಕಿ ಓದಲು ಬಂತು, ಸಾಕು.

ಮೂರನೆಯದು ಕ್ಯಾಪ್ಷನ್. ಫೀಡ್‌ನಲ್ಲಿ ವಿಡಿಯೊ ದನಿಯಿಲ್ಲದೆ ಶುರುವಾಗುತ್ತದೆ, ಆಫೀಸಿನಲ್ಲಿ ಕುಳಿತವರು ದನಿ ಹಾಕುವುದೂ ಕಡಿಮೆ. ತಾನಾಗಿ ಬಂದ ಕ್ಯಾಪ್ಷನ್ನು ನಮ್ಮ ಇಂಗ್ಲಿಷ್ ಉಚ್ಚಾರವನ್ನು ಎಲ್ಲಿಗೋ ಒಯ್ದಿತ್ತು. 'ಬ್ಯಾಡಗಿ' ಅಂದದ್ದು 'by the gate' ಆಗಿತ್ತು. ಎರಡು ನಿಮಿಷದ ವಿಡಿಯೊಗೆ ಎಸ್‌ಆರ್‌ಟಿ ಎಂಬ ಕ್ಯಾಪ್ಷನ್ ಫೈಲ್ ಕೈಯಿಂದ ಬರೆಯುವುದು ಅರ್ಧ ಗಂಟೆಯ ಕೆಲಸ. ನೋಟ್‌ಪ್ಯಾಡ್ ಸಾಕು:

```
1
00:00:00,000 --> 00:00:03,500
Power fails at 2 a.m.
Who tells you?

2
00:00:03,800 --> 00:00:07,000
Byadagi chilli, cold storage, 6 °C
```

ಸೆಕೆಂಡಿನ ನಂತರ ಬರುವುದು ಅಲ್ಪವಿರಾಮ, ಚುಕ್ಕೆಯಲ್ಲ. ಎರಡು ತುಣುಕುಗಳ ನಡುವೆ ಒಂದು ಖಾಲಿ ಸಾಲು ಬೇಕು. ಸೇವ್ ಮಾಡುವಾಗ ಯುಟಿಎಫ್-8 ಆರಿಸಿ, ಇಲ್ಲದಿದ್ದರೆ ಡಿಗ್ರಿ ಗುರುತು ಇರುವ ಕಡೆ ವಿಚಿತ್ರ ಅಕ್ಷರ ಬರಬಹುದು.

ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ವಾದವಾಯಿತು. ಮಾಲೀಕರಿಗೂ ಮಸಾಲೆ ಕಂಪನಿಯ ಕ್ವಾಲಿಟಿಯವರಿಗೂ ಒಂದೇ ಪೋಸ್ಟಿನಲ್ಲಿ ಹೇಳೋಣ ಅಂದರು ಅವರು. ನಾನು ಬೇಡ ಅಂದೆ. ಮಾಲೀಕನಿಗೆ ಮಾಲು ಕೆಡುವ ಭಯ. ಬಣ್ಣಕ್ಕೇ ಹೆಸರಾದ ಮೆಣಸಿನಕಾಯಿಯ ಬಣ್ಣ ಇಳಿದರೆ ದರವೂ ಇಳಿಯುತ್ತದೆ. ಕ್ವಾಲಿಟಿಯವರಿಗೆ ಬೇಕಾದದ್ದು ಆಡಿಟ್‌ಗೆ ತೋರಿಸುವ ದಾಖಲೆ. ಎರಡನ್ನೂ ಮೊದಲ ಎರಡು ಸಾಲಿಗೆ ತುರುಕಿದರೆ ಇಬ್ಬರಿಗೂ ತಲುಪುವುದಿಲ್ಲ.

ಹೊಸ ಪೋಸ್ಟನ್ನು ನೋಡಿದವರು ಮೊದಲಿನ ಅರ್ಧವೂ ಇಲ್ಲ. ಹುದ್ದೆಗಳ ಪಟ್ಟಿ ಮಾತ್ರ ಬದಲಾಯಿತು, ಗೋದಾಮು ಮತ್ತು ಖರೀದಿಯವರು ಮೇಲೆ ಬಂದರು. ಹಾಗಂತ ವಿಡಿಯೊದ ಮೊದಲ ಹತ್ತು ಸೆಕೆಂಡಿನ ಕಂಪನಿ ಲೋಗೊ ಇನ್ನೂ ಹಾಗೇ ಇದೆ. ಅದನ್ನು ಯಾವ ಥಂಬ್‌ನೇಲೂ ಮುಚ್ಚಲಾರದು, ಕತ್ತರಿಸಲೇಬೇಕು.

ಕ್ವಾಲಿಟಿ ಮ್ಯಾನೇಜರ್ ಒಬ್ಬರ ಕಾಮೆಂಟ್ ಬಂದಿದೆ: "ಸೆನ್ಸರ್‌ಗೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಕೊಡುತ್ತೀರಾ?" ಎರಡನೇ ಪೋಸ್ಟಿನ ಮೊದಲ ಸಾಲು ಸಿಕ್ಕಂತಾಯಿತು. ಸರ್ಟಿಫಿಕೇಟ್ ಮಾಡಿಸಲು ಅವರು ಈಗ ಲ್ಯಾಬ್ ಹುಡುಕುತ್ತಿದ್ದಾರೆ.