ಹಣ ಒಂದು ಪುಟದಲ್ಲಿ, ಜನ ಇನ್ನೊಂದು ಪುಟದಲ್ಲಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಶಾಲೆಯ ಪಿಟಿಎ ಒಂದು ಕಂಪನಿಯ ಬಳಿ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ನೆರವು, ಕೇಳಲು ಹೊರಟಿದೆ ಎನ್ನೋಣ. ಆ ಕಂಪನಿ ನಮ್ಮ ಜಿಲ್ಲೆಯಲ್ಲಿ ಮೊದಲು ಏನು ಮಾಡಿದೆ, ಎಷ್ಟು ಖರ್ಚು ಮಾಡಿದೆ, ಎಷ್ಟು ಜನರಿಗೆ ಅದು ಮುಟ್ಟಿದೆ? ಮೂರೇ ಕಾಲಂ. ಆದರೆ ವಾರ್ಷಿಕ ವರದಿ ತೆರೆದು ಕೂತರೆ ಈ ಮೂರೂ ಒಂದೇ ಕಡೆ ಸಿಗುವುದಿಲ್ಲ. ನಿಯಮಗಳು ಬೆಳೆದು ಬಂದ ದಾರಿಯೇ ಹಾಗಿದೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಎಂದಾಯಿತು. ನಿರ್ದೇಶಕ ಮಂಡಳಿಯ ವರದಿಗೆ ಒಂದು ಪಟ್ಟಿಯನ್ನೂ ಸೇರಿಸಬೇಕಿತ್ತು. ಅದರಲ್ಲಿ ಯೋಜನೆಯ ಹೆಸರು, ರಾಜ್ಯ, ಜಿಲ್ಲೆ, ಖರ್ಚು ಎಲ್ಲ ಇರುತ್ತಿದ್ದವು. ಫಲಾನುಭವಿಗಳ ಸಂಖ್ಯೆಗೆ ಮಾತ್ರ ಕಾಲಂ ಇರಲಿಲ್ಲ. ಕಾನೂನು ಕೇಳಿದ್ದು ಹಣದ ಲೆಕ್ಕ, ಜನರ ಲೆಕ್ಕ ಅಲ್ಲ.

2021ರ ಜನವರಿಯಲ್ಲಿ ಪಟ್ಟಿ ಇನ್ನಷ್ಟು ವಿವರವಾಯಿತು. ಹಲವು ವರ್ಷ ನಡೆಯುವ ಯೋಜನೆಗಳಿಗೇ ಬೇರೆ ಪಟ್ಟಿ ಬಂತು. ಆದರೆ 2022ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಮಂಡಳಿಯ ವರದಿಯಲ್ಲಿ ಯೋಜನೆಗಳ ಒಟ್ಟು ಖರ್ಚು ತೋರಿಸಿದರೆ ಸಾಕು ಎಂದಾಯಿತು. ಜಿಲ್ಲಾವಾರು ಸಾಲುಗಳು ಕಡ್ಡಾಯವಾಗಿ ಉಳಿಯಲಿಲ್ಲ. ನಮ್ಮಂಥ ಗಡಿ ಜಿಲ್ಲೆಯವರಿಗೆ ಇದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ. ಕೆಲವು ಕಂಪನಿಗಳು ಈಗಲೂ ಹಳೆಯ ಪಟ್ಟಿಯನ್ನು ತಾವಾಗಿಯೇ ಕೊಡುತ್ತವೆ.

ಜನರ ಲೆಕ್ಕ ಬಂದದ್ದು ಬೇರೆ ಬಾಗಿಲಿನಿಂದ. ಷೇರುಪೇಟೆಯ ಮೊದಲ 1,000 ಕಂಪನಿಗಳಿಗೆ ಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ಎಂಬ ಸಾಮಾಜಿಕ, ಪರಿಸರ ಹೊಣೆಗಾರಿಕೆಯ ವರದಿ ಕಡ್ಡಾಯ ಮಾಡಿತು. ಅದರ 8ನೇ ತತ್ವದ ಕೆಳಗೆ ಯೋಜನೆವಾರು ಫಲಾನುಭವಿಗಳ ಸಂಖ್ಯೆ ಕೇಳಿದ್ದಾರೆ. ಆದರೆ ಆ ಪ್ರಶ್ನೆ ಕಡ್ಡಾಯವಲ್ಲ, ಇಷ್ಟವಿದ್ದರೆ ಉತ್ತರಿಸಬಹುದು. ಪಕ್ಕದಲ್ಲಿ ಖರ್ಚಿನ ಕಾಲಂ ಇಲ್ಲ, ಜಿಲ್ಲೆಯದ್ದೂ ಇಲ್ಲ. ಅಭಿವೃದ್ಧಿಯಲ್ಲಿ ಹಿಂದುಳಿದವೆಂದು ಕೇಂದ್ರ ಸರ್ಕಾರ ಗುರುತಿಸಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಖರ್ಚಿಗೆ ಬೇರೆ ಪಟ್ಟಿ ಇದೆ ನಿಜ. ಆದರೆ ಕೇರಳದಲ್ಲಿ ಆ ಪಟ್ಟಿಗೆ ಸೇರಿದ್ದು ವಯನಾಡು ಮಾತ್ರ.

ಹಾಗಾಗಿ ಎರಡು ಪುಟ ಪಕ್ಕಪಕ್ಕ ಇಟ್ಟು ಹೊಂದಿಸಬೇಕು. ಎಡವುವುದು ಇಲ್ಲೇ. ಅಂಕಿ ಕಲ್ಪಿತವಾದರೂ ಒಂದು ಉದಾಹರಣೆ ನೋಡೋಣ. ಮಂಡಳಿಯ ವರದಿಯಲ್ಲಿ ‘ಶಾಲೆಗಳಿಗೆ ಕುಡಿಯುವ ನೀರು, ಕಾಸರಗೋಡು, 0.18’ ಎಂದಿದೆ. ಪಟ್ಟಿಯ ತಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ‘ಕೋಟಿ ರೂಪಾಯಿಗಳಲ್ಲಿ’ ಎಂದಿದೆ. ಅಂದರೆ 18 ಲಕ್ಷ. ಬಿಆರ್‌ಎಸ್‌ಆರ್‌ನಲ್ಲಿ ‘ನೀರು ಮತ್ತು ನೈರ್ಮಲ್ಯ, 9,000 ಜನ’ ಎಂದಿದೆ. ಸುಮ್ನೆ ಭಾಗಿಸಿದರೆ ತಲೆಗೆ 200 ರೂಪಾಯಿ. ತುಂಬಾ ಅಗ್ಗ, ಅಲ್ವಾ?

ಇಲ್ಲಿ ನಿಲ್ಲಬೇಕು. ಹೆಸರು ಬೇರೆ ಎಂದರೆ ವ್ಯಾಪ್ತಿಯೂ ಬೇರೆ ಇರಬಹುದು. ಅಡಿಟಿಪ್ಪಣಿ ಓದಿದರೆ 9,000 ಎನ್ನುವುದು ಯೋಜನೆ ಶುರುವಾದಾಗಿನಿಂದ ಎಲ್ಲ ಜಿಲ್ಲೆಗಳಲ್ಲಿ ಸೇರಿದ ಮೊತ್ತ. ಖರ್ಚು ಮಾತ್ರ ಒಂದೇ ವರ್ಷದ್ದು, ಒಂದೇ ಜಿಲ್ಲೆಯದ್ದು. ನೀರಿನ ಘಟಕ ಹಾಕಿದ್ದು ಇಲ್ಲಿನ ಆರು ಶಾಲೆಗಳಲ್ಲಿ. ಕೇರಳದ ಶಾಲೆಗಳ ಮಕ್ಕಳ ಸಂಖ್ಯೆ ‘ಸಮೇತಂ’ ಪೋರ್ಟಲ್‌ನಲ್ಲಿ ಸಿಗುತ್ತದೆ. ಆರೂ ಶಾಲೆ ಕೂಡಿಸಿದರೆ 2,100 ಮಕ್ಕಳು ಎಂದಿಟ್ಟುಕೊಳ್ಳಿ. ಆಗ ತಲೆಗೆ ಸುಮಾರು 857 ರೂಪಾಯಿ. ಒಂದೇ ಕೆಲಸಕ್ಕೆ ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಅದಕ್ಕೇ ಈ ಲೆಕ್ಕ ಬರೆದಿಡುವ ಸ್ಪ್ರೆಡ್‌ಶೀಟ್‌ನಲ್ಲಿ ಇನ್ನೆರಡು ಕಾಲಂ ಬೇಕು: ಸಂಖ್ಯೆ ಯಾವ ಅವಧಿಯದ್ದು, ಎಲ್ಲಿಯದ್ದು. ಖರ್ಚು ರೂಪಾಯಿಗಳಲ್ಲಿ C, ಜನ D, ಅವಧಿ E, ಸ್ಥಳ F ಕಾಲಂನಲ್ಲಿದ್ದರೆ ಅವಧಿ, ಸ್ಥಳ ಎರಡೂ ಹೊಂದಿದಾಗ ಮಾತ್ರ ಭಾಗಿಸಲಿ:

```
=IF(AND(E2="2022-23",F2="ಕಾಸರಗೋಡು"),C2/D2,"")
```

ಪಿಡಿಎಫ್‌ನಿಂದ ನಕಲು ಮಾಡಿದಾಗ 18,00,000 ಎಂಬುದು ಅಂಕಿಯಾಗಿ ಅಲ್ಲ, ಬರೀ ಅಕ್ಷರವಾಗಿ ಬಂದು ಕೂರುವುದುಂಟು. ಆಗ ಮೊತ್ತದಲ್ಲಿ ಆ ಸಾಲು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕಂಡುಹಿಡಿಯಲು ಒಂದು ದಾರಿ ಇದೆ. ಎಲ್ಲ ಯೋಜನೆಗಳ ಸಾಲು ಕೂಡಿಸಿ, ಆಡಳಿತ ವೆಚ್ಚ, ಪರಿಣಾಮ ಅಧ್ಯಯನದ ವೆಚ್ಚ ಸೇರಿಸಿ, ವರದಿಯ ಒಟ್ಟು ಮೊತ್ತಕ್ಕೆ ತಾಳೆ ನೋಡಬೇಕು. ಜಿಲ್ಲೆ ಹುಡುಕುವಾಗ Kasaragod ಜೊತೆಗೆ Kasargod ಎಂದೂ ಹುಡುಕಿ. ಎರಡೂ ಬರಹ ಬಳಕೆಯಲ್ಲಿವೆ.

ಇನ್ನು ‘ಕಣ್ಣಿನ ಶಿಬಿರ, ಕಾಸರಗೋಡು ಮತ್ತು ದಕ್ಷಿಣ ಕನ್ನಡ, 0.12’ ಎಂಬಂಥ ಸಾಲು. ಅರ್ಧರ್ಧ ಹಂಚಲು ಕೈ ಹೋಗುತ್ತದೆ, ಹಂಚಬೇಡಿ. ಎಷ್ಟು ಶಿಬಿರ ಗಡಿಯ ಈಚೆ ನಡೆದವು ಎಂದು ವರದಿ ಹೇಳಿಲ್ಲ. ಎರಡು ಜಿಲ್ಲೆಯ ಹೆಸರನ್ನೂ ಹಾಗೇ ಇಟ್ಟು, ತಲಾ ವೆಚ್ಚದ ಜಾಗ ಖಾಲಿ ಬಿಡಿ. ಆಮೇಲೆ ಕಂಪನಿಯ ಸಿಎಸ್‌ಆರ್ ವಿಭಾಗಕ್ಕೆ ಪತ್ರ ಬರೆದು ಕೇಳಿ: ಕಾಸರಗೋಡಿನಲ್ಲಿ ಎಷ್ಟು ಶಿಬಿರ ನಡೆದವು, ಎರಡು ಸಲ ಬಂದವರನ್ನು ಒಬ್ಬರೆಂದು ಎಣಿಸಿದ್ದೀರಾ, ಇಬ್ಬರೆಂದೇ?