ಮಣ್ಣೋ, ಬೆಂಕಿಯೋ: ಕ್ಯಾಥೊಲಿಕ್ ಅಂತ್ಯಕ್ರಿಯೆಯಲ್ಲಿ ಬದಲಾದದ್ದು ಏನು?

2020ರ ಜುಲೈ ಕೊನೆಯಲ್ಲಿ ಕೇರಳದ ಆಲಪ್ಪುಳದ ಲ್ಯಾಟಿನ್ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಒಂದು ನಿರ್ಧಾರ ಕೈಗೊಂಡಿತು. ಕೋವಿಡ್‌ನಿಂದ ತೀರಿಕೊಂಡ ತನ್ನ ಭಕ್ತರ ದೇಹಗಳನ್ನು ಸುಟ್ಟು, ಬೂದಿಯನ್ನು ಚರ್ಚ್‌ನ ಸ್ಮಶಾನದಲ್ಲಿ ಹೂಳುವುದು ಎಂದು. ಸೋಂಕಿತರ ದೇಹವನ್ನು ಬಹಳ ಆಳದಲ್ಲಿ ಹೂಳಬೇಕೆಂಬ ನಿಯಮವಿತ್ತು. ಆದರೆ ಆ ಕರಾವಳಿಯಲ್ಲಿ ಕೆಲವೇ ಅಡಿ ಅಗೆದರೂ ನೀರು ಉಕ್ಕುತ್ತದೆ. ಕ್ರೈಸ್ತರು ಹೆಣ ಸುಡಬಹುದೇ ಎಂದು ಆಗ ಅಚ್ಚರಿಪಟ್ಟವರು ಹಲವರು. ಸುಡಬಹುದು ಎಂದು ರೋಮ್ ಹೇಳಿ ಆಗಲೇ ಅರ್ಧ ಶತಮಾನ ಕಳೆದಿತ್ತು. ಆಲಪ್ಪುಳ ಹೊಸ ನಿಯಮವನ್ನೇನೂ ಹುಟ್ಟುಹಾಕಲಿಲ್ಲ, ಇದ್ದುದನ್ನೇ ಬಳಸಿತು.

ಮೊದಲ ಶತಮಾನಗಳ ರೋಮ್‌ನಲ್ಲಿ ಸುಡುವುದು ಸಾಮಾನ್ಯವಾಗಿದ್ದಾಗಲೂ ಕ್ರೈಸ್ತರು ಹೂಳುವುದನ್ನೇ ಆರಿಸಿಕೊಂಡರು. ಯೇಸುವಿನ ದೇಹವನ್ನು ಸಮಾಧಿಯಲ್ಲಿಟ್ಟಿದ್ದರು, ದೇಹದ ಪುನರುತ್ಥಾನ ಅವರ ವಿಶ್ವಾಸದ ತಿರುಳಾಗಿತ್ತು. ಶತಮಾನಗಳ ಕಾಲ ಇದನ್ನು ಪ್ರಶ್ನಿಸಿದವರು ಕಡಿಮೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಟಲಿಯಲ್ಲಿ ಶವದಹನದ ಚಳವಳಿ ಬೆಳೆದು, 1876ರಲ್ಲಿ ಮಿಲಾನ್‌ನಲ್ಲಿ ಚಿತಾಗಾರದ ಕುಲುಮೆ ಉರಿಯಿತು. ಚಳವಳಿಯ ಮುಂದಾಳುಗಳಲ್ಲಿ ಫ್ರೀಮೇಸನ್ ಎಂಬ ಗುಪ್ತ ಸಂಘದವರು, ಚರ್ಚ್‌ನ ಅಧಿಕಾರವನ್ನು ವಿರೋಧಿಸುತ್ತಿದ್ದವರು ಹೆಚ್ಚಿದ್ದರು. ಅವರಲ್ಲಿ ಕೆಲವರಿಗೆ ದಹನವೆಂದರೆ ಪುನರುತ್ಥಾನದ ನಂಬಿಕೆಗೆ ಕೊಡುವ ಬಹಿರಂಗ ಉತ್ತರ. 1886ರಲ್ಲಿ ರೋಮ್ ದಹನವನ್ನು ನಿಷೇಧಿಸಿತು. 1917ರ ಚರ್ಚ್ ಕಾನೂನು ಇನ್ನೂ ಬಿಗಿಯಾಯಿತು: ಸುಡಿ ಎಂದು ಉಯಿಲು ಬರೆದಿಟ್ಟಿದ್ದರೂ ಅದನ್ನು ಪಾಲಿಸಕೂಡದು, ಆ ಇಚ್ಛೆಯನ್ನು ಹಿಂತೆಗೆದುಕೊಳ್ಳದೆ ಸತ್ತವರಿಗೆ ಚರ್ಚ್‌ನ ಅಂತ್ಯಕ್ರಿಯೆ ಇಲ್ಲ.

ಆ ನಿಷೇಧ ಗುರಿಯಿಟ್ಟದ್ದು ಬೆಂಕಿಯನ್ನಲ್ಲ, ಬೆಂಕಿಯ ಹಿಂದಿನ ನಿರಾಕರಣೆಯನ್ನು. ಕಾಲ ಬದಲಾಗಿ ಜನ ಜಾಗದ ಅಭಾವಕ್ಕೆ, ಖರ್ಚಿಗೆ, ಆರೋಗ್ಯದ ಕಾರಣಕ್ಕೆ ದಹನವನ್ನು ಆರಿಸಿಕೊಳ್ಳತೊಡಗಿದಾಗ ನಿಷೇಧಕ್ಕೆ ಆಧಾರ ಉಳಿಯಲಿಲ್ಲ. 1963ರಲ್ಲಿ ಅದು ಸಡಿಲವಾಯಿತು. 1983ರ ಚರ್ಚ್ ಕಾನೂನಿನ 1176ನೆಯ ವಿಧಿ ಹೂಳುವ ಪದ್ಧತಿಯನ್ನು ಮನಸಾರೆ ಶಿಫಾರಸು ಮಾಡುತ್ತದೆ. ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕೆ ಆರಿಸಿಕೊಂಡದ್ದಲ್ಲವಾದರೆ ದಹನವನ್ನು ನಿಷೇಧಿಸುವುದಿಲ್ಲ. ಎಲ್ಲ ಕ್ರೈಸ್ತರೂ ಈ ದಾರಿ ಹಿಡಿದಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈಗಲೂ ಹೂಳುವುದಕ್ಕೇ ಅಂಟಿಕೊಂಡಿವೆ, ಪ್ರೊಟೆಸ್ಟೆಂಟರಲ್ಲಿ ಬಹುತೇಕರು ಬಹಳ ಹಿಂದೆಯೇ ದಹನವನ್ನು ಒಪ್ಪಿದ್ದರು.

ಇಷ್ಟಾದರೂ ಕುಟುಂಬಗಳು ತಡವರಿಸುವುದು ಬೇರೆ ಕಡೆ: ಕ್ರಮದಲ್ಲಿ. 1969ರಲ್ಲಿ ಪರಿಷ್ಕೃತವಾದ ಅಂತ್ಯಕ್ರಿಯೆಯ ವಿಧಿಗೆ ಮೂರು ನೆಲೆಗಳಿವೆ: ಮನೆ, ಚರ್ಚ್, ಸ್ಮಶಾನ. ಮನೆಯಲ್ಲಿ ಜಾಗರಣೆ, ಚರ್ಚ್‌ನಲ್ಲಿ ಬಲಿಪೂಜೆ ಎಂದರೆ ಮಾಸ್ ಮತ್ತು ಅಂತಿಮ ಬೀಳ್ಕೊಡುಗೆ, ಸ್ಮಶಾನದಲ್ಲಿ ಸಮಾಧಿಯ ಪ್ರಾರ್ಥನೆ. ದಹನವನ್ನು ಆರಿಸಿಕೊಂಡವರಿಗೂ ಚರ್ಚ್‌ನ ಮೊದಲ ಸಲಹೆ ಇದೇ: ದೇಹ ಎದುರಿಗಿರುವಾಗಲೇ ಜಾಗರಣೆ, ಬಲಿಪೂಜೆ ಮುಗಿಯಲಿ, ಆಮೇಲೆ ಬೆಂಕಿ. ಚಿತಾಗಾರದಲ್ಲಿ ಸಮಯ ಗೊತ್ತುಮಾಡಿ, ನಂತರ ಧರ್ಮಕೇಂದ್ರದ ಗುರುಗಳಿಗೆ ಫೋನ್ ಮಾಡುವವರು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಮೊದಲ ಕರೆ ಗುರುಗಳಿಗೇ ಹೋಗಬೇಕು.

ಗುರುಗಳಿಗೆ ತಿಳಿದಿರುವ ಕೆಲವು ವಿಷಯಗಳು ಮನೆಯವರಿಗೆ ಹೊಳೆಯುವುದಿಲ್ಲ. ದೂರದ ಬಂಧುಗಳಿಗೆ ಅನುಕೂಲವೆಂದು ಭಾನುವಾರವನ್ನು ನಿಗದಿಮಾಡುವುದು ಸಹಜ. ಆದರೆ ಕ್ರಿಸ್‌ಮಸ್‌ಗೆ ಮುನ್ನಿನ ಆಗಮನ ಕಾಲ, ಈಸ್ಟರ್‌ಗೆ ಮುನ್ನಿನ ತಪಸ್ಸು ಕಾಲ, ಈಸ್ಟರ್‌ನಿಂದ ಶುರುವಾಗುವ ಪಾಸ್ಕ ಕಾಲದ ಭಾನುವಾರಗಳಲ್ಲಿ, ಪವಿತ್ರ ಗುರುವಾರದಿಂದ ಪಾಸ್ಕದವರೆಗೆ ಅಂತ್ಯಕ್ರಿಯೆಯ ಬಲಿಪೂಜೆ ಅರ್ಪಿಸುವಂತಿಲ್ಲ. ಆ ದಿನಗಳಲ್ಲಿ ಪೂಜೆಯಿಲ್ಲದೆ ವಾಚನ, ಪ್ರಾರ್ಥನೆಗಳೊಂದಿಗೆ ಹೂಳಿ, ಬಲಿಪೂಜೆಯನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಬಹುದು. ತಾನಾಗಿ ಪ್ರಾಣ ಕಳೆದುಕೊಂಡವರಿಗೆ ಚರ್ಚ್‌ನ ಕ್ರಿಯೆ ಇಲ್ಲ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. 1917ರ ಕಾನೂನಿನಲ್ಲಿದ್ದ ಆ ತಡೆ 1983ರಲ್ಲಿ ಹೋಯಿತು. ಈ ಒಂದು ಮಾತು ಗೊತ್ತಿಲ್ಲದೆ ಗುರುಗಳ ಬಳಿಗೇ ಹೋಗದೆ ಉಳಿದ ಮನೆಗಳನ್ನು ನೆನೆದರೆ ಸಂಕಟವಾಗುತ್ತದೆ.

ಜಾಗರಣೆಯನ್ನು ಬಹಳ ಮಂದಿ ಹೆಣ ಕಾಯುವ ರಾತ್ರಿ ಎಂದಷ್ಟೇ ತಿಳಿದಿದ್ದಾರೆ. ಅದಕ್ಕೆ ಗುರುಗಳೇ ಬೇಕೆಂದಿಲ್ಲ, ವಾರ್ಡಿನ ಮುಖಂಡರಾದ ಗುರಿಕಾರರೋ ಮನೆಯ ಹಿರಿಯರೋ ಮುನ್ನಡೆಸಬಹುದು. ಬೈಬಲ್ ವಾಚನ, ಕೀರ್ತನೆ, ಮೊರೆಗಳು ಅದರ ಮುಖ್ಯ ಭಾಗ. ನಮ್ಮಲ್ಲಿ ಜಪಸರ ರೂಢಿ. ಬಲಿಪೂಜೆಯ ಪ್ರಬೋಧನೆ ತೀರಿಕೊಂಡವರ ಗುಣಗಾನವಾಗಬಾರದು ಎಂಬ ನಿಯಮವಿದೆ. ಅವರ ಬಗ್ಗೆ ಮಕ್ಕಳು, ಗೆಳೆಯರು ಮನಬಿಚ್ಚಿ ಮಾತಾಡಲು ತಕ್ಕ ಜಾಗ ಈ ಜಾಗರಣೆಯೇ. ಶವಾಗಾರದಿಂದ ನೇರವಾಗಿ ಚರ್ಚ್‌ಗೆ ತರುವ ಈಚಿನ ಅವಸರದಲ್ಲಿ ಮೊದಲು ಕಳಚಿಬೀಳುತ್ತಿರುವುದೂ ಇದೇ. ಅರ್ಧ ಗಂಟೆಯಾದರೂ ಅದನ್ನು ಉಳಿಸಿಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಉದಾಹರಣೆ ನೋಡೋಣ. ಉಡುಪಿ ಕಡೆಯ ತಾಯಿಯೊಬ್ಬರು ಅಮೆರಿಕದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು ಎಂದಿಟ್ಟುಕೊಳ್ಳಿ. ತಂದೆಯನ್ನು ಊರಿನ ಚರ್ಚ್‌ನಲ್ಲಿ ಹೂಳಿದ್ದಾರೆ. ತಾಯಿಯೂ ಅಲ್ಲೇ ಇರಬೇಕು, ಆದರೆ ದೇಹ ಸಾಗಿಸುವ ಖರ್ಚು ಕೈಮೀರಿದ್ದು. ಮಗಳು ಅಲ್ಲಿಯ ಧರ್ಮಕೇಂದ್ರದಲ್ಲಿ ದೇಹವಿಟ್ಟು ಬಲಿಪೂಜೆ ಮಾಡಿಸುತ್ತಾರೆ. ಶವಪೆಟ್ಟಿಗೆ ಖರೀದಿಸಬೇಕಿಲ್ಲ, ದಹನಕ್ಕೆ ಮುನ್ನಿನ ಪೂಜೆಗೆ ಅಲ್ಲಿ ಬಾಡಿಗೆಗೂ ಸಿಗುತ್ತದೆ. ಪೆಟ್ಟಿಗೆಯ ಮೇಲೆ ದೀಕ್ಷಾಸ್ನಾನವನ್ನು ನೆನಪಿಸುವ ಬಿಳಿ ವಸ್ತ್ರ ಹೊದಿಸುತ್ತಾರೆ, ಪಕ್ಕದಲ್ಲಿ ಪಾಸ್ಕದ ಮೇಣದಬತ್ತಿ ಉರಿಯುತ್ತದೆ. ಕೊನೆಗೆ ತೀರ್ಥ ಪ್ರೋಕ್ಷಿಸಿ ಧೂಪ ಹಾಕುತ್ತಾರೆ. ಮೊದಲೇ ದಹನವಾಗಿದ್ದರೂ ಬಾಗಿಲು ಮುಚ್ಚಿಲ್ಲ. 1997ರಿಂದ ಅಮೆರಿಕದಲ್ಲಿ ಬಿಷಪ್ಪರ ಅನುಮತಿಯಿದ್ದರೆ ಬೂದಿಯ ಪಾತ್ರೆಯನ್ನಿಟ್ಟೇ ಪೂಜೆ ಮಾಡಬಹುದು. ಆಗ ಬಿಳಿ ವಸ್ತ್ರ ಹೊದಿಸುವುದಿಲ್ಲ, ದೇಹ ಎಂದು ಹೇಳುವ ಪ್ರಾರ್ಥನೆಗಳ ಮಾತು ಬದಲಾಗುತ್ತದೆ.

ಬೂದಿ ತರಲು ಮರಣಪತ್ರ, ದಹನದ ಪ್ರಮಾಣಪತ್ರ, ಭಾರತೀಯ ಕಾನ್ಸುಲೇಟ್‌ನ ಪತ್ರ ಬೇಕು. ಎಕ್ಸ್-ರೇಯಲ್ಲಿ ಒಳಗಿನದು ಕಾಣುವಂಥ, ಲೋಹದ್ದಲ್ಲದ ಪಾತ್ರೆಯಾದರೆ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗದು. ಅದಕ್ಕೂ ಮುಂಚೆ ಊರಿನ ಗುರುಗಳಿಗೆ ಕೇಳಬೇಕಾದ ಒಂದು ಪ್ರಶ್ನೆಯಿದೆ: ತಂದೆಯ ಸಮಾಧಿ ಕುಟುಂಬದ ಖಾಯಂ ಸಮಾಧಿಯೇ, ತಾತ್ಕಾಲಿಕವೇ? ಜಾಗ ಕಡಿಮೆಯಿರುವ ಅನೇಕ ಸ್ಮಶಾನಗಳಲ್ಲಿ ತಾತ್ಕಾಲಿಕ ಗುಂಡಿಯನ್ನು ಕೆಲವು ವರ್ಷಗಳ ಬಳಿಕ ತೆರೆದು, ಮೂಳೆಗಳನ್ನು ಸಾಮೂಹಿಕ ಗುಂಡಿಗೆ ಸೇರಿಸಿ, ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಬೂದಿ ಹಿಡಿದು ಬಂದವರಿಗೆ ಇದು ಅಲ್ಲಿ ನಿಂತಾಗ ತಿಳಿಯಬಾರದು.

ಮನೆಯಲ್ಲಿ ಬೂದಿಯ ಒಂದಂಶ ಇಟ್ಟುಕೊಳ್ಳಬಹುದೇ, ಸ್ವಲ್ಪ ನದಿಯಲ್ಲಿ ಬಿಡಬಹುದೇ ಎಂದು ಮಗಳ ಅಣ್ಣತಮ್ಮಂದಿರು ಕೇಳಿಯೇ ಕೇಳುತ್ತಾರೆ. ಬೂದಿಯನ್ನು ಗಾಳಿ, ನೆಲ, ನೀರಿನಲ್ಲಿ ಚೆಲ್ಲಕೂಡದು, ಆಭರಣದಲ್ಲಿ ಇಡಕೂಡದು, ಕುಟುಂಬದವರಲ್ಲಿ ಹಂಚಕೂಡದು ಎಂದು ವ್ಯಾಟಿಕನ್ 2016ರಲ್ಲಿ ಸ್ಪಷ್ಟವಾಗಿ ಹೇಳಿತು. ಬೂದಿ ಪವಿತ್ರವಾದ ಜಾಗದಲ್ಲಿ ಇರಬೇಕು. ಮನೆಯ ಕಪಾಟಿನಲ್ಲಿಟ್ಟರೆ ಒಂದು ತಲೆಮಾರಿನ ನಂತರ ಆ ಪಾತ್ರೆ ಯಾರದೆಂದು ಹೇಳುವವರು ಇರುವುದಿಲ್ಲ, ಪ್ರಾರ್ಥಿಸುವವರೂ ಇರುವುದಿಲ್ಲ. ಈ ಕಾರಣ ನನಗೆ ನಿಯಮಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. 2023ರ ಡಿಸೆಂಬರ್‌ನಲ್ಲಿ, ಇಟಲಿಯ ಬೊಲೊನ್ಯದ ಆರ್ಚ್‌ಬಿಷಪ್ ಕಾರ್ಡಿನಲ್ ಮತ್ತೇಯೊ ಜೂಪ್ಪಿ ಕೇಳಿದ ಪ್ರಶ್ನೆಗೆ ಉತ್ತರವಾಗಿ, ವ್ಯಾಟಿಕನ್ ಎರಡು ಸಡಿಲಿಕೆ ಕೊಟ್ಟಿತು. ಪ್ರತಿಯೊಬ್ಬರ ಹೆಸರು ದಾಖಲಾಗಿದ್ದರೆ ಹಲವರ ಬೂದಿಯನ್ನು ಒಂದೇ ಪವಿತ್ರ ಜಾಗದಲ್ಲಿ ಸೇರಿಸಬಹುದು. ಉಳಿದ ಬೂದಿ ಪವಿತ್ರ ಜಾಗದಲ್ಲಿದ್ದರೆ, ಅತ್ಯಲ್ಪ ಅಂಶವನ್ನು ತೀರಿಕೊಂಡವರಿಗೆ ಮುಖ್ಯವಾಗಿದ್ದ ಸ್ಥಳದಲ್ಲಿ ಇಡಲು ಚರ್ಚ್‌ನ ಅಧಿಕಾರಿಗಳು ಪರಿಶೀಲಿಸಿ ಒಪ್ಪಿಗೆ ಕೊಡಬಹುದು. ಅಣ್ಣತಮ್ಮಂದಿರು ಆ ಒಪ್ಪಿಗೆಗಾಗಿ ಧರ್ಮಕೇಂದ್ರದ ಗುರುಗಳ ಮೂಲಕ ಬಿಷಪ್ಪರ ಕಚೇರಿಗೆ ಬರೆಯಬೇಕು. ತಾಯಿಯ ಹೆಸರು ಊರಿನ ಚರ್ಚ್‌ನ ಮರಣ ನೋಂದಣಿಯಲ್ಲಿ ಸೇರಿತೇ ಎಂದು ಅದೇ ಭೇಟಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.